ಸಲ್ಯೂಷನ್ ಹಾಕಿದ ಜಾಯಿಂಟ್ ಬಿಚ್ಚೋದಲ್ಲ, ಒಳಗಿಂದ ಸುಲಿಯೋದು

ಪೈಪ್ ಸೀಳಿದರೆ ನಮ್ಮ ಕಲಬುರಗಿಯಲ್ಲಿ ಮೊದಲ ಪೆಟ್ಟು ಬೀಳೋದು ಗೋಡೆಗೆ. ಎಷ್ಟೋ ಕಡೆ ಅದರ ಅಗತ್ಯವೇ ಇರುವುದಿಲ್ಲ ಅನ್ನೋದು ನನ್ನ ವಾದ.

ತಂಗಿಯ ಮನೆಯಲ್ಲಿ ಟಾಕಿಯಿಂದ ಇಳಿಯುವ ಒಂದು ಇಂಚಿನ ಯುಪಿವಿಸಿ ಲೈನ್ ಇದೆ. ಗೋಡೆಯೊಳಗೆ ಮೂರು ಬಾಯಿಯ ಜೋಡಣೆ, ಅಂದರೆ ಒಂದು ಟೀ. ಅದರ ಬಾಯಿ ಗಿಲಾವಿಗೆ ಸರಿಸಮ. ಅಲ್ಲಿಂದ ಹೊರಬಂದ ಎರಡು ಅಡಿ ಪೈಪ್ ಪಶ್ಚಿಮದ ಬಿಸಿಲಿಗೆ ಒಣಗಿ, ಕ್ಲಾಂಪೂ ಇಲ್ಲದೆ ಜೋತು, ಟೀ ಬಾಯಿಯ ಹತ್ತಿರವೇ ಸೀಳಿತ್ತು. ಬಂದ ಮೇಸ್ತ್ರಿ ನೋಡಿದವರೇ, "ಅಕ್ಕೋರೆ, ಇದು ಬಿಚ್ಚಂಗಿಲ್ರಿ, ಗ್ವಾಡಿ ಒಡೀಬೇಕ್ರಿ" ಅಂದರು. ಆ ಗೋಡೆಗೆ ಕೆಳಗಿನಿಂದ ಸೊಂಟದ ಎತ್ತರದವರೆಗೂ ಶಹಾಬಾದ್ ಕಲ್ಲು ಕೂರಿಸಿದ್ದಾರೆ!

ಬಿಚ್ಚಂಗಿಲ್ಲ ಅನ್ನೋದು ಮಾತ್ರ ನಿಜ. ಪೈಪ್ ಕೂಡಿಸಲು ಹಚ್ಚುವ ಸಲ್ಯೂಷನ್ ಅಂಟಲ್ಲ. ಅದು ಪೈಪಿನ ಹೊರಮೈಯನ್ನೂ ಪೈಪ್ ಕೂರುವ ಸಾಕೆಟ್ಟಿನ ಒಳಮೈಯನ್ನೂ ಕರಗಿಸುತ್ತದೆ. ದ್ರಾವಕ ಆರಿದ ಮೇಲೆ ಎರಡೂ ಒಂದೇ ಪ್ಲಾಸ್ಟಿಕ್. ರೊಟ್ಟಿ ತಟ್ಟುವಾಗ ಸೀಳಿದ ಅಂಚನ್ನು ನೀರು ಹಚ್ಚಿ ಕೂಡಿಸುತ್ತಾರಲ್ಲ, ಬೆಂದ ಮೇಲೆ ಆ ಗೆರೆ ಹುಡುಕಿದರೂ ಸಿಗುವುದಿಲ್ಲ, ಹಾಗೆ. ಆದ್ದರಿಂದ ತಿರುಚಿ ಎಳೆಯೋದು ಸುಮ್ನೆ. ಬಲ ಜಾಸ್ತಿಯಾದರೆ ಗೋಡೆಯೊಳಗಿನ ಟೀಯೇ ಬಿರುಕು ಬಿಡುತ್ತದೆ. ಮತ್ತೆ ಸಲ್ಯೂಷನ್ ಸುರಿದರೂ ಬಿಡುವುದಿಲ್ಲ.

ಜಾಯಿಂಟಿನಿಂದಾಚೆ ಮೂರು ನಾಲ್ಕು ಇಂಚು ಒಳ್ಳೆ ಪೈಪ್ ಉಳಿದಿದ್ದರೆ ಈ ತಲೆನೋವೇ ಬೇಡ. ಅಲ್ಲಿ ಕತ್ತರಿಸಿ ಕಪ್ಲಿಂಗ್ ಹಾಕಿದರಾಯಿತು. ನಮಗೆ ಆ ಜಾಗ ಇರಲಿಲ್ಲ. ಹಾಗಾಗಿ ಟೀ ಉಳಿಸಿ, ಅದರೊಳಗೆ ಕೂತ ಪೈಪನ್ನಷ್ಟೇ ಸುಲಿದು ತೆಗೆಯಬೇಕಿತ್ತು.

ಟಾಕಿಯ ವಾಲ್ವ್ ಮುಚ್ಚಿ ನೀರು ಖಾಲಿ ಮಾಡಿಸಿದೆ. ಪೈಪನ್ನು ಟೀ ಬಾಯಿಗೆ ಸರಿಯಾಗಿ ಕತ್ತರಿಸಿದೆವು. ಆಮೇಲೆ ಬೇಕಾದದ್ದು ಫ್ರೇಮ್ ಇಲ್ಲದ ಬರೀ ಆಕ್ಸೊ ಬ್ಲೇಡ್. ಹಿಡಿಯುವ ತುದಿಗೆ ಬಟ್ಟೆ ಸುತ್ತಿ, ಪೈಪಿನ ಒಳಗಿಟ್ಟು, ಉದ್ದಕ್ಕೆ ಗೀರುತ್ತಾ ಹೋಗಬೇಕು. ಈ ಅಳತೆಯ ಪೈಪ್ ಸಾಕೆಟ್ಟಿನಲ್ಲಿ ಒಂದು ಇಂಚಿಗಿಂತ ಸ್ವಲ್ಪ ಜಾಸ್ತಿ ಒಳಗಿರುತ್ತದೆ, ಗೀರು ಅಲ್ಲಿವರೆಗೂ ಹೋಗಬೇಕು. ಎಲ್ಲಿ ನಿಲ್ಲಿಸಬೇಕು ಅನ್ನೋದೇ ಇಲ್ಲಿ ಕೈಚಳಕ. ಕತ್ತರಿಸಿ ಬಿದ್ದ ತುಂಡಿನ ದಪ್ಪ ನೋಡಿ, ಗೀರನ್ನು ಅದಕ್ಕಿಂತ ಕೂದಲಿನಷ್ಟು ಕಡಿಮೆ ಆಳಕ್ಕೆ ನಿಲ್ಲಿಸಿ. ಟೀಗೆ ಆಳವಾಗಿ ಗೀರು ಬಿದ್ದರೆ ನಾಳೆ ನೀರು ಜಿನುಗೋದು ಅಲ್ಲಿಂದಲೇ. ಬೆರಳಗಲ ಬಿಟ್ಟು ಇನ್ನೊಂದು ಗೀರು ಹಾಕಿ. ನಡುವಿನ ಪಟ್ಟಿಯ ಅಂಚಿಗೆ ಸಣ್ಣ ಉಳಿ ಇಟ್ಟು, ಒಳಮುಖವಾಗಿ ಮೆಲ್ಲಗೆ ತಟ್ಟಿ. ಮೊದಲ ಪಟ್ಟಿ ಎದ್ದರೆ ಉಳಿದದ್ದು ಒಳಕ್ಕೆ ಮಡಚಿಕೊಳ್ಳಲು ಜಾಗ ಸಿಗುತ್ತದೆ.

ಏಳದಿದ್ದರೆ ಹೀಟ್ ಗನ್. ಗಾಳಿ ಪೈಪಿನ ಒಳಕ್ಕೆ ಮಾತ್ರ ಹೋಗಬೇಕು, ಟೀ ಅಂಚಿಗೆ ಒದ್ದೆ ಬಟ್ಟೆ ಇರಬೇಕು. ಯುಪಿವಿಸಿ ಸುಮಾರು 80 ಡಿಗ್ರಿಗೆ ಮೆತ್ತಗಾಗುತ್ತದೆ, ಹಾಗಾಗಿ ಜಾಸ್ತಿ ಹೊತ್ತು ಬೇಕಿಲ್ಲ. ಕೆಲವರು ಪೇಪರ್ ಹೊತ್ತಿಸಿ ತುರುಕುತ್ತಾರೆ. ದಯವಿಟ್ಟು ಹಾಗೆ ಮಾಡಲು ಬಿಡಬೇಡಿ. ಸುಟ್ಟ ಪಿವಿಸಿಯಿಂದ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ, ಕಣ್ಣು ಗಂಟಲು ಉರಿಯುತ್ತವೆ. ಟೀಯೂ ಸೊಟ್ಟಗಾಗುತ್ತದೆ.

ಸುಲಿದ ಮೇಲೆ ಒಳಮೈಯನ್ನು ಸ್ಯಾಂಡ್ ಪೇಪರಿನಿಂದ ತಿಕ್ಕಿ, ಹೊಸ ಪೈಪನ್ನು ಸಲ್ಯೂಷನ್ ಇಲ್ಲದೆ ತೂರಿಸಿ ನೋಡಿ. ಮೂರನೇ ಒಂದು ಭಾಗದಿಂದ ಮೂರನೇ ಎರಡು ಭಾಗದೊಳಗೆ ಬಿಗಿಯಾಗಿ ನಿಂತರೆ ಟೀ ಬದುಕಿದೆ. ಸಡಿಲವಾಗಿ ಬುಡದವರೆಗೂ ಜಾರಿದರೆ ಅದು ಹೋದ ಹಾಗೆ, ಆಗ ಗೋಡೆ ಒಡೆಯಲೇಬೇಕು. ಸಲ್ಯೂಷನ್ ದಪ್ಪಗೆ ಬಳಿದು ಮುಚ್ಚಿಹಾಕಲು ಹೋಗಬೇಡಿ. ನಮ್ಮದು ಅರ್ಧಕ್ಕೆ ನಿಂತಿತು. ಮೇಸ್ತ್ರಿ, "ಆಯ್ತ್ ಬಿಡ್ರಿ, ಉಳೀತು" ಅಂದರು, ಸ್ವಲ್ಪ ಬೇಜಾರಿನಿಂದಲೇ ಅನ್ನಿಸಿತು ನನಗೆ!

ಇನ್ನೊಂದು ತೊಡಕು ಆ ಕಡೆಯ ತುದಿಯದು. ಎರಡು ಕಡೆಯೂ ಅಲುಗದಿರುವಾಗ ನಡುವೆ ಗಟ್ಟಿ ಪೈಪನ್ನು ಎರಡೂ ಸಾಕೆಟ್ಟಿಗೆ ತೂರಿಸಲು ಆಗುವುದಿಲ್ಲ. ಕೆಳಗಿನ ಎಲ್ಬೋ ಮುಟ್ಟದೆ, ಅದರ ಮುಂದೆ ಮೂರು ಇಂಚು ಹಳೆ ಪೈಪ್ ಬಿಟ್ಟು ಯೂನಿಯನ್ ಹಾಕಿಸಿದೆ. ಮುಂದೆ ಆ ತುಂಡನ್ನು ಕೈಯಲ್ಲೇ ಬಿಡಿಸಬಹುದು. ಕಟ್ಟುವಾಗಲೇ ಇದನ್ನು ಯಾಕೆ ಹಾಕುವುದಿಲ್ಲವೋ!

ಅಂಟಿಸುವ ಕೆಲಸ ಬೆಳಿಗ್ಗೆಯೇ ಆಗಲಿ. ನಮ್ಮ ಮೇ ತಿಂಗಳ ಮಧ್ಯಾಹ್ನ ಸಲ್ಯೂಷನ್ ಪೈಪ್ ತೂರಿಸುವ ಮೊದಲೇ ಚರ್ಮಗಟ್ಟುತ್ತದೆ. ಎರಡೂ ಕಡೆ ಹಚ್ಚಿ, ಕಾಲು ಸುತ್ತು ತಿರುಗಿಸುತ್ತಾ ಬುಡಕ್ಕೆ ಒತ್ತಿ, ಅರ್ಧ ನಿಮಿಷ ಕೈ ಬಿಡಬೇಡಿ. ಇಲ್ಲದಿದ್ದರೆ ಪೈಪ್ ಹಿಂದಕ್ಕೆ ಸರಿಯುತ್ತದೆ. ವಾಲ್ವ್ ತೆರೆಯೋದು ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಕಳೆದ ಮೇಲೆ. ತಂಗಿ ಮನೆಯವರು ಮರುದಿನ ಬೆಳಿಗ್ಗೆವರೆಗೂ ಕೊಡದಲ್ಲೇ ನೀರು ಹೊತ್ತರು.