ಮನೆಯವರು ಬಿಟ್ಟುಕೊಡಬೇಕಾದ ಒಂದೂವರೆ ಗಂಟೆ

ಅರ್ಧ ಗಂಟೆ ನಾಲ್ಕು ಸಲ ಸಿಕ್ಕರೆ ಎರಡು ಗಂಟೆ ಓದಿದ ಹಾಗೆ ಆಗುವುದಿಲ್ಲ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುತ್ತಾ ಓದುವ ಮಕ್ಕಳ ವಿಷಯದಲ್ಲಿ ಹೆಚ್ಚಿನ ಮನೆಗಳಲ್ಲಿ ಈ ಲೆಕ್ಕವೇ ತಪ್ಪುತ್ತದೆ. "ಮನೆಯಾಗೇ ಇರ್ತಾಳಲ್ರೀ ಸರ್, ಓದ್ಕಣಾಕೆ ಏನಡ್ಡಿ?" ಅಂತ ತಾಯಂದಿರು ನನ್ನನ್ನು ಕೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಮಗಳು ಮನೆಯಲ್ಲೇ ಇರುತ್ತಾಳೆ, ಕೈಯಲ್ಲಿ ಪುಸ್ತಕವೂ ಇರುತ್ತದೆ. ಆದರೂ ಅಂಕ ಬರುವುದಿಲ್ಲ.

ದಾವಣಗೆರೆಯಲ್ಲಿ ಪಿಯುಸಿ ಮಕ್ಕಳಿಗೆ ಅಕೌಂಟೆನ್ಸಿ ಹೇಳಿಕೊಡುವವನು ನಾನು. ಉತ್ತರ ಪತ್ರಿಕೆ ನೋಡಿದರೆ ಯಾರು ಓದಿಲ್ಲ, ಯಾರು ಓದುವಾಗ ಪದೇ ಪದೇ ಎದ್ದು ಹೋಗಿದ್ದಾರೆ ಅನ್ನುವುದು ಬೇರೆ ಬೇರೆಯಾಗಿಯೇ ಗೊತ್ತಾಗುತ್ತದೆ.

ನಿಟ್ಟುವಳ್ಳಿ ಕಡೆಯ ಒಬ್ಬ ಹುಡುಗಿ, ಸೆಕೆಂಡ್ ಪಿಯುಸಿ ಕಾಮರ್ಸ್. ಅಜ್ಜಿಗೆ ಲಕ್ವ ಹೊಡೆದು ಬಲಗಡೆ ಸ್ವಾಧೀನ ಇಲ್ಲ. ತಾಯಿಗೆ ಹಾಸ್ಟೆಲ್ ಮೆಸ್ಸೊಂದರಲ್ಲಿ ರಾತ್ರಿ ಊಟದ ಅಡುಗೆ ಕೆಲಸ. ಮಗಳು ಕಾಲೇಜಿನಿಂದ ಬರುವ ಹೊತ್ತಿಗೆ ತಾಯಿ ಹೊರಡುತ್ತಾರೆ, ವಾಪಸ್ ಬರುವಾಗ ರಾತ್ರಿ ಹತ್ತು. ಅಲ್ಲಿಯವರೆಗೆ ಅಜ್ಜಿ, ಆರನೇ ಕ್ಲಾಸಿನ ತಮ್ಮ, ಒಲೆ ಎಲ್ಲಾ ಇವಳದ್ದೇ.

ವ್ಯಾಪಾರಕ್ಕೆ ಹೊಸ ಪಾಲುದಾರ ಸೇರುವಾಗ ಮಾಡುವ ಲೆಕ್ಕದಲ್ಲಿ ಅವಳ ಬ್ಯಾಲೆನ್ಸ್ ಶೀಟ್ ಯಾವತ್ತೂ ಟ್ಯಾಲಿ ಆಗುತ್ತಿರಲಿಲ್ಲ. ಸೂತ್ರ ಕೇಳಿದರೆ ಎಲ್ಲಾ ಸರಿ ಹೇಳುತ್ತಿದ್ದಳು. ಒಂದು ಲೆಕ್ಕ ತೆಗೆದು ನೋಡಿದೆವು. ಕಟ್ಟಡ 2,00,000, ಶೇಕಡ 10 ಏರಿಕೆ. ಸ್ಟಾಕ್ 40,000, ಶೇಕಡ 10 ಇಳಿಕೆ. ಸಾಲಗಾರರು 60,000, ಅದರ ಮೇಲೆ ಶೇಕಡ 5 ವಸೂಲಾಗದ ಸಾಲಕ್ಕೆ ಮೀಸಲು. ಆಸ್ತಿಗಳ ಬೆಲೆ ಬದಲಾದದ್ದನ್ನು ಬರೆಯುವ ರೀವ್ಯಾಲ್ಯುಯೇಷನ್ ಖಾತೆಯಲ್ಲಿ ಕಟ್ಟಡದ 20,000 ಲಾಭ, ಸ್ಟಾಕಿನ 4,000 ಮತ್ತು ಮೀಸಲಿನ 3,000 ನಷ್ಟ. ಉಳಿಯುವ ಲಾಭ 13,000. ಹಳೆಯ ಪಾಲುದಾರರ ಅನುಪಾತ 3:2 ಆದ್ದರಿಂದ 7,800 ಮತ್ತು 5,200. ಇಷ್ಟೂ ಸರಿಯಾಗಿ ಮಾಡಿದ್ದಳು. ಆದರೆ ಬ್ಯಾಲೆನ್ಸ್ ಶೀಟಿನಲ್ಲಿ ಸ್ಟಾಕ್ 36,000 ಇರಬೇಕಾದ ಕಡೆ ಹಳೆಯ 40,000ವೇ ಕೂತಿತ್ತು. ಎರಡು ಬದಿಗಳ ಮೊತ್ತದ ನಡುವೆ ಸರಿಯಾಗಿ 4,000 ವ್ಯತ್ಯಾಸ.

ವ್ಯತ್ಯಾಸದ ಮೊತ್ತ ಯಾವುದೋ ಒಂದು ಹೊಂದಾಣಿಕೆಯ ಮೊತ್ತಕ್ಕೆ ಸಮ ಇದ್ದರೆ, ಹೆಚ್ಚಾಗಿ ಅದನ್ನು ಒಂದು ಕಡೆ ಬರೆದು ಇನ್ನೊಂದು ಕಡೆ ಬಿಟ್ಟಿರುತ್ತಾರೆ. "ಇಲ್ಲಿ ಎದ್ದು ಹೋಗಿದ್ಯಾ?" ಅಂದೆ. "ಹೌದು ಸರ್, ಅಜ್ಜಿ ಮಗ್ಗುಲು ಬದಲಿಸೋ ಹೊತ್ತಾಗಿತ್ತು" ಅಂದಳು. ವಾಪಸ್ ಬಂದು ಕೂತಾಗ ಸ್ಟಾಕ್ ಮುಗಿದಿದೆ ಅಂತ ಅವಳಿಗೆ ಅನಿಸಿದೆ. ಮುಗಿದಿದ್ದು ಅರ್ಧ ಮಾತ್ರ.

ಅವಳಿಗೆ ಲೆಕ್ಕ ಮಾಡುವ ಕ್ರಮವನ್ನೇ ಬದಲಿಸಿ ಕೊಟ್ಟೆ. ಕ್ಲಾಸಿನಲ್ಲಿ ನಾವು ಒಂದೊಂದು ಖಾತೆ ಪೂರ್ತಿ ಮುಗಿಸಿ ಮುಂದಕ್ಕೆ ಹೋಗುತ್ತೇವೆ. ನೀನು ಒಂದೊಂದು ಐಟಂ ಪೂರ್ತಿ ಮುಗಿಸು ಅಂದೆ. ಬ್ಯಾಲೆನ್ಸ್ ಶೀಟಿನ ಗೆರೆ ಮೊದಲೇ ಎಳೆದಿಟ್ಟುಕೊ. ಸ್ಟಾಕಿನ 4,000 ರೀವ್ಯಾಲ್ಯುಯೇಷನ್‌ಗೆ ಹೋದ ಕ್ಷಣವೇ 36,000 ಬ್ಯಾಲೆನ್ಸ್ ಶೀಟಿಗೆ ಹೋಗಲಿ, ಪ್ರಶ್ನೆಯಲ್ಲಿ ಆ ಸಾಲಿಗೆ ಒಂದು ಟಿಕ್ ಬೀಳಲಿ. ಎದ್ದು ಹೋಗುವುದಿದ್ದರೆ ಟಿಕ್ ಹಾಕಿಯೇ ಏಳು. ಏಳುವ ಮುಂಚೆ ಅಂಚಿನಲ್ಲಿ ಪೆನ್ಸಿಲಿನಿಂದ ಮುಂದೇನು ಅಂತ ಎರಡು ಪದ ಬರೆದಿಡು. "ಮುಂದೆ ಸಾಲಗಾರರು", ಅಷ್ಟು ಸಾಕು. ಬಂದು ಕೂತಾಗ ಮೊದಲಿನಿಂದ ಓದುವುದು ತಪ್ಪುತ್ತದೆ. ಅಜ್ಜಿ ಕೂಗಿದರೆ ಅರ್ಧ ನಿಮಿಷ ಕಾಯಬಹುದಾದ ಕೂಗೋ, ಓಡಬೇಕಾದ ಕೂಗೋ ಅನ್ನುವುದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು.

ಇನ್ನು ಹೊತ್ತಿನ ವಿಷಯ. ಹಾಸಿಗೆ ಹಿಡಿದವರಿಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಅಂತ ಸಾಮಾನ್ಯವಾಗಿ ಹೇಳಿ ಕಳಿಸುತ್ತಾರೆ. ಒಂದೇ ಕಡೆ ಭಾರ ಬಿದ್ದರೆ ಅಲ್ಲಿಗೆ ರಕ್ತ ಹೋಗದೆ ಹುಣ್ಣಾಗುತ್ತದೆ. ಸೊಂಟದ ಕೆಳಗಿನ ಮೂಳೆ, ಹಿಮ್ಮಡಿ, ತೊಡೆಯ ಪಕ್ಕ ಇವೇ ಮೊದಲು ಕೆಡುವ ಜಾಗಗಳು. ಕೆಂಪಾದ ಕಡೆ ಬೆರಳಿಂದ ಒತ್ತಿ ಬಿಟ್ಟಾಗ ಬಣ್ಣ ಬಿಳುಚದೆ ಹಾಗೇ ಇದ್ದರೆ ಅದು ಹುಣ್ಣಿನ ಶುರು. ನಮ್ಮ ಕಪ್ಪು ಚರ್ಮದಲ್ಲಿ ಕೆಂಪು ಕಾಣದೇ ಇರಬಹುದು. ಅದಕ್ಕೆ ಮುಟ್ಟಿ ನೋಡಬೇಕು. ಸುತ್ತಲಿಗಿಂತ ಬಿಸಿ ಅಥವಾ ಗಟ್ಟಿ ಅನಿಸಿದರೆ ತಡ ಮಾಡದೆ ಡಾಕ್ಟರಿಗೆ ತೋರಿಸಬೇಕು. ಗಾಳಿ ಹಾಸಿಗೆ ತಂದರೂ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ. ರಾತ್ರಿ ಹೊತ್ತು ಅಂತರ ಜಾಸ್ತಿ ಮಾಡಬಹುದಾ ಅಂತ ಡಾಕ್ಟರನ್ನೇ ಕೇಳಬೇಕು. ಕೇಳಲೇಬೇಕು ಅಂತೀನಿ. ಯಾಕಂದ್ರೆ ಆ ಅಂತರವೇ ಈ ಮಕ್ಕಳ ನಿದ್ದೆ.

ಹಾಗಾಗಿ ಸಂಜೆ ಅವಳಿಗೆ ಸಿಗುವುದು ತುಂಡು ಹೊತ್ತು. ಆದರೆ ಅದರಲ್ಲಿ ಒಂದು ತುಂಡು ಖಾತ್ರಿ. ಅಜ್ಜಿಗೆ ಗಂಜಿ ತಿನ್ನಿಸಿದ ಮೇಲೆ ಅರ್ಧ ಗಂಟೆಯಾದರೂ ಮಲಗಿಸುವ ಹಾಗಿಲ್ಲ. ಬೆನ್ನಿಗೆ ದಿಂಬು ಕೊಟ್ಟು ಕೂರಿಸಿರಬೇಕು. ಇಲ್ಲದಿದ್ದರೆ ತಿಂದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಹೋಗುವ ಅಪಾಯ ಇದೆ. ಆಗ ಅವಳು ಪಕ್ಕದಲ್ಲೇ ಕೂತಿರಬೇಕು. ಅಲ್ಲಿ ಬಿಸಿನೆಸ್ ಸ್ಟಡೀಸ್ ಓದುತ್ತಾಳೆ. ಒಂದು ಅಂಶ ಓದಿ, ತಲೆ ಎತ್ತಿ ಅಜ್ಜಿಯನ್ನು ನೋಡಿ, ಇನ್ನೊಂದು ಅಂಶ ಓದುವುದಕ್ಕೆ ಆ ವಿಷಯ ಬಗ್ಗುತ್ತದೆ. ದೊಡ್ಡ ಲೆಕ್ಕ ಬಗ್ಗುವುದಿಲ್ಲ. ಸಂಜೆ ತಮ್ಮ ಪಕ್ಕದಲ್ಲಿ ಹೋಂವರ್ಕ್ ಮಾಡುವಾಗ ಇವಳು ಅರ್ಥಶಾಸ್ತ್ರದ ಒಂದು, ಎರಡು ಅಂಕದ ಪ್ರಶ್ನೆ ಬರೆಯುತ್ತಾಳೆ.

ಲೆಕ್ಕಕ್ಕೆ ಇಡೀ ಹೊತ್ತು ಬೇಕು. ಅದನ್ನು ಮನೆಯವರೇ ಬಿಟ್ಟುಕೊಡಬೇಕು. ತಾಯಿಯನ್ನು ಕರೆಸಿ ಮಾತಾಡಿದೆ. ಕೆಲಸ ಕಮ್ಮಿ ಮಾಡಿ ಅಂತ ಕೇಳಲಿಲ್ಲ. ಬೆಳಗಿನ ಐದರಿಂದ ಆರೂವರೆ ಒಂದನ್ನು ಕೊಡಿ, ಆ ಹೊತ್ತಿನಲ್ಲಿ ಮನೆಯಲ್ಲಿ ಅವಳ ಹೆಸರು ಯಾರೂ ಕರೆಯಬಾರದು ಅಂದೆ. ಆ ಹೊತ್ತಿಗೆ ತಾಯಿ ಹೇಗೂ ಎದ್ದಿರುತ್ತಾರೆ, ಅಜ್ಜಿಯ ಮಗ್ಗುಲು ಅವರದ್ದು. ನಲ್ಲಿ ಬಂದ ದಿನ ನೀರು ಹಿಡಿಯುವುದು ತಮ್ಮನ ಪಾಲಿಗೆ ಬಂತು. "ಅವ್ನು ಚಿಕ್ಕೋನು ಸರ್" ಅಂದರು ತಾಯಿ. ಹನ್ನೊಂದು ವರ್ಷದ ಹುಡುಗ ಬಿಂದಿಗೆ ತುಂಬಿಸಬಲ್ಲ. ಅವನ ವಯಸ್ಸಿನಲ್ಲಿ ಅಕ್ಕ ಏನೇನು ಮಾಡುತ್ತಿದ್ದಳು ಅಂತ ಕೇಳಿದೆ. ಅವರೇ ಸುಮ್ಮನಾದರು. ಗಂಡು ಮಕ್ಕಳನ್ನು ಹೀಗೆ ಬಿಟ್ಟುಬಿಡುವುದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ. ಭಾನುವಾರ ಸೋದರಮಾವ ಮಧ್ಯಾಹ್ನ ಬಂದು ಅಜ್ಜಿ ಹತ್ತಿರ ಕೂರುತ್ತಾರೆ. ಆಗ ಅವಳು ಮೂರು ಗಂಟೆ ಕೂತು ಹಳೆಯ ಪ್ರಶ್ನೆಪತ್ರಿಕೆ ಒಂದನ್ನು ಪೂರ್ತಿ ಬರೆಯುತ್ತಾಳೆ. ಮೊದಲ ಸಲ ಬರೆದಾಗ ಎಂಬತ್ತು ಅಂಕದ ಪೇಪರ್ ಮುಗಿಯಲೇ ಇಲ್ಲ. ಅಷ್ಟು ಹೊತ್ತು ಒಂದೇ ಕಡೆ ಕೂತು ಬರೆದು ಅವಳಿಗೆ ರೂಢಿಯೇ ಇರಲಿಲ್ಲ.

ನನ್ನ ಜೊತೆಯ ಮೇಷ್ಟ್ರುಗಳಿಗೆ ಒಂದು ಮಾತು. ಪಿಯುಸಿಗೆ ಶೇಕಡ 75 ಹಾಜರಾತಿ ಬೇಕು. ಅಂದರೆ ನಾಲ್ಕು ಕ್ಲಾಸಿಗೆ ಒಂದು ತಪ್ಪಬಹುದು. ಆದರೆ ಇಂಥ ಮಕ್ಕಳ ಗೈರು ವರ್ಷಪೂರ್ತಿ ಹರಡಿ ಬರುವುದಿಲ್ಲ. ಅಜ್ಜಿ ಆಸ್ಪತ್ರೆ ಸೇರಿದರೆ ಒಂದೇ ಸಲಕ್ಕೆ ಎರಡು ವಾರ ಹೋಗುತ್ತದೆ. ಉಳಿದ ದಿನ ತಡವಾಗಿ ಬಂದು ಮೊದಲ ಪೀರಿಯಡ್ ಮಾತ್ರ ತಪ್ಪುತ್ತದೆ. ಜನವರಿಯಲ್ಲಿ ಹಾಜರಾತಿ ಕೂಡಿ ನೋಡಿ ಪೋಷಕರನ್ನು ಕರೆಸಿದರೆ ಸರಿಪಡಿಸಲು ದಿನಗಳೇ ಇರುವುದಿಲ್ಲ. ಜುಲೈನಲ್ಲೇ ಪಕ್ಕಕ್ಕೆ ಕರೆದು ಕೇಳಿ, ಮನೆಯಲ್ಲಿ ಹುಷಾರಿಲ್ಲದವರು ಯಾರಾದರೂ ಇದ್ದಾರಾ, ಅವರನ್ನು ನೋಡಿಕೊಳ್ಳುವವರು ಯಾರು ಅಂತ. ಟೈಂಟೇಬಲ್ ಹಾಕುವವರು ಮನಸ್ಸು ಮಾಡಿದರೆ ಅಕೌಂಟೆನ್ಸಿಯನ್ನು ಮೊದಲ ಪೀರಿಯಡ್ಡಿನಿಂದ ಮೂರನೆಯದಕ್ಕೆ ತರಬಹುದು. ನಮ್ಮಲ್ಲಿ ಈ ವರ್ಷ ಹಾಗೆ ಮಾಡಿದ್ದೇವೆ.