ಎರಡು ತಾಲ್ಲೂಕು, ಎರಡು ಅಂದಾಜು, ನಡುವಿನ ಅಂತರ

ಸಮೀಕ್ಷಾ ವರದಿಗಳ ಚರ್ಚೆಯಲ್ಲಿ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ: ‘ಎರಡು ಗುಂಪುಗಳ ಕಾನ್ಫಿಡೆನ್ಸ್ ಇಂಟರ್‌ವಲ್‌ಗಳು ಒಂದರ ಮೇಲೊಂದು ಬಿದ್ದಿವೆ, ಹಾಗಾಗಿ ವ್ಯತ್ಯಾಸವೇನೂ ಇಲ್ಲ.’ ಮಾದರಿಯಿಂದ ಸಿಕ್ಕ ಅಂದಾಜಿನ ಸುತ್ತ, ನಿಜವಾದ ಪ್ರಮಾಣ ಇರಬಹುದೆಂದು ಲೆಕ್ಕ ಹಾಕಿದ ವ್ಯಾಪ್ತಿಯೇ ಕಾನ್ಫಿಡೆನ್ಸ್ ಇಂಟರ್‌ವಲ್. ಅವು ಒಂದರ ಮೇಲೊಂದು ಬಿದ್ದರೆ ವ್ಯತ್ಯಾಸವಿಲ್ಲ ಎಂಬ ತೀರ್ಮಾನ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ.

ನಮ್ಮ ಕೊಡಗಿನದೇ ಒಂದು ಕಲ್ಪಿತ ಲೆಕ್ಕ ನೋಡೋಣ. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆಗೆ ಕಾಯದೆ ರೊಬಸ್ಟಾ ತೋಟಕ್ಕೆ ಸ್ಪ್ರಿಂಕ್ಲರ್ ಹಾಯಿಸಿದಿರಾ ಎಂದು ವಿರಾಜಪೇಟೆ ಮತ್ತು ಸೋಮವಾರಪೇಟೆ ತಾಲ್ಲೂಕುಗಳಲ್ಲಿ ತಲಾ 200 ಬೆಳೆಗಾರರನ್ನು ಕೇಳಿದೆವು ಎನ್ನಿ. ಮೊದಲನೆಯದರಲ್ಲಿ 120 ಮಂದಿ, ಎರಡನೆಯದರಲ್ಲಿ 100 ಮಂದಿ ಹೌದು ಎಂದರು. ಅಂದರೆ ಶೇ 60 ಮತ್ತು ಶೇ 50. ಶೇ 95ರ ವಿಶ್ವಾಸ ಮಟ್ಟದಲ್ಲಿ ಮೊದಲನೆಯದರ ವ್ಯಾಪ್ತಿ 53.2ರಿಂದ 66.8, ಎರಡನೆಯದರದು 43.1ರಿಂದ 56.9. ಇವೆರಡೂ ಒಂದರೊಳಗೊಂದು ಸೇರಿಕೊಂಡಿರುವುದು ನಿಜ.

ಆದರೆ ನಮ್ಮ ಪ್ರಶ್ನೆ ಇರುವುದು ವ್ಯತ್ಯಾಸದ ಬಗ್ಗೆ, ಆದ್ದರಿಂದ ವ್ಯಾಪ್ತಿಯನ್ನೂ ವ್ಯತ್ಯಾಸಕ್ಕೇ ಕಟ್ಟಬೇಕು. ಒಂದು ತಾಲ್ಲೂಕಿನ ಅಂದಾಜು ಕೆಳಕ್ಕೂ ಇನ್ನೊಂದರದು ಮೇಲಕ್ಕೂ ಏಕಕಾಲದಲ್ಲಿ ಪೂರ್ತಿ ಜಾರುವುದು ಅಪರೂಪವಾದ್ದರಿಂದ, ಎರಡು ದೋಷಗಳನ್ನು, ಅಂದರೆ ಅಂದಾಜಿನಿಂದ ವ್ಯಾಪ್ತಿಯ ಅಂಚಿಗಿರುವ ದೂರಗಳನ್ನು, ನೇರವಾಗಿ ಕೂಡುವುದಿಲ್ಲ. ಅವುಗಳ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆಯುತ್ತೇವೆ. 6.8 ಮತ್ತು 6.9 ಸೇರಿ 13.7 ಆಗುವ ಬದಲು 9.7 ಆಗುತ್ತದೆ. ಹತ್ತು ಅಂಶಗಳ ವ್ಯತ್ಯಾಸದ ವ್ಯಾಪ್ತಿ 0.3ರಿಂದ 19.7, ಸೊನ್ನೆ, ಅಂದರೆ ವ್ಯತ್ಯಾಸವೇ ಇಲ್ಲದಿರುವುದು, ಅದರ ಹೊರಗಿದೆ. ಪಿ-ಮೌಲ್ಯ ಸುಮಾರು 0.04. ತಾಲ್ಲೂಕುಗಳ ನಡುವೆ ನಿಜವಾಗಿ ವ್ಯತ್ಯಾಸವೇ ಇಲ್ಲದಿದ್ದರೆ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಆಕಸ್ಮಿಕವಾಗಿ ಕಾಣುವ ಸಾಧ್ಯತೆ ನೂರಕ್ಕೆ ನಾಲ್ಕು ಎಂದು ಇದರ ಅರ್ಥ. ವ್ಯತ್ಯಾಸ ಇಲ್ಲದಿರುವ ಸಾಧ್ಯತೆಯೇ ನೂರಕ್ಕೆ ನಾಲ್ಕು ಎಂದಲ್ಲ. (ವ್ಯಾಪ್ತಿಗಳು ಒಂದನ್ನೊಂದು ಮುಟ್ಟದೇ ಇದ್ದರೆ ಮಾತ್ರ ಕಣ್ಣಳತೆ ಸಾಕು.)

ಇಷ್ಟಕ್ಕೇ ಗೆದ್ದೆವೆಂದು ಬೀಗುವವರನ್ನೂ ನಾನು ಒಪ್ಪುವುದಿಲ್ಲ. ಈ ಸೂತ್ರ ಪ್ರತಿ ಬೆಳೆಗಾರನನ್ನೂ ಬಿಡಿಬಿಡಿಯಾಗಿ ಚೀಟಿ ಎತ್ತಿ ಆರಿಸಿದ್ದೇವೆಂದು ನಂಬುತ್ತದೆ. ವಾಸ್ತವದಲ್ಲಿ ಸಮೀಕ್ಷೆಯವರು ತಾಲ್ಲೂಕಿಗೆ ಹತ್ತು ಊರು ಆರಿಸಿಕೊಂಡು ಊರಿಗೆ ಇಪ್ಪತ್ತು ಮನೆ ಮುಗಿಸುತ್ತಾರೆ. ಒಂದೇ ತೋಡಿನ ನೀರು ಎತ್ತುವ, ಒಂದೇ ಮಳೆ ಬಿದ್ದ ಅಥವಾ ತಪ್ಪಿದ ನೆರೆಹೊರೆಯವರ ಉತ್ತರಗಳು ಒಂದನ್ನೊಂದು ಹೋಲುತ್ತವೆ. ಇಪ್ಪತ್ತನೆಯ ಮನೆ ಹೊಸದಾಗಿ ಹೇಳುವುದು ಕಡಿಮೆ. ಸೊನ್ನೆಯಿಂದ ಒಂದರವರೆಗಿನ ಅಳತೆಯಲ್ಲಿ ಈ ಹೋಲಿಕೆಯ ಪ್ರಮಾಣ ಬರೀ 0.05 ಇದ್ದರೂ, ಊರಿನ ಇಪ್ಪತ್ತು ಮನೆಗಳಲ್ಲಿ ಒಂದನ್ನು ಕಳೆದು, ವ್ಯತ್ಯಯ 1 + 19 × 0.05, ಅಂದರೆ 1.95 ಪಟ್ಟಾಗುತ್ತದೆ. ದೋಷ ಹಿಗ್ಗುವುದು ಇದರ ವರ್ಗಮೂಲದಷ್ಟು, ಅಂದರೆ ಸುಮಾರು 1.4 ಪಟ್ಟು. ಆಗ 9.7 ಇದ್ದದ್ದು ಸುಮಾರು 13.5ಕ್ಕೆ ಹಿಗ್ಗಿ, ವ್ಯಾಪ್ತಿ ಮೈನಸ್ 3.5ರಿಂದ 23.5ರವರೆಗೆ ಚಾಚುತ್ತದೆ. ಸೊನ್ನೆ ಒಳಗೆ ಬಂತು.

ಆದ್ದರಿಂದ ವರದಿಯಲ್ಲಿ ನಾನು ಮೊದಲು ಹುಡುಕುವುದು ವ್ಯತ್ಯಾಸದ ವ್ಯಾಪ್ತಿಯನ್ನು, ಆಮೇಲೆ ಊರುಗಳ ಸಂಖ್ಯೆಯನ್ನು. ಅದೇ 200 ಮನೆಗಳನ್ನು ನಲವತ್ತು ಊರುಗಳಿಗೆ ಐದೈದರಂತೆ ಹಂಚಿದ್ದರೆ 13.5ರ ಬದಲು 10.6 ಬರುತ್ತಿತ್ತು. ಜೀಪಿನ ಡೀಸೆಲ್ ಖರ್ಚು ಏರುತ್ತಿತ್ತು, ಸೊನ್ನೆಯೂ ಕೂದಲೆಳೆಯಷ್ಟು ಒಳಗೇ ಉಳಿಯುತ್ತಿತ್ತು. ಆದರೆ ವ್ಯತ್ಯಾಸ ಎಷ್ಟಿರಬಹುದೆಂಬ ಅಂದಾಜು ಬಹಳ ಬಿಗಿಯಾಗುತ್ತಿತ್ತು.