ಊಟದ ಬಿಡುವಿನಲ್ಲಿ ಫೋನ್ ಮಾಡಬೇಡಿ

ಕೆಲವು ವರ್ಷಗಳ ಹಿಂದೆ ನನ್ನ ಗೆಳೆಯನೊಬ್ಬ ಕೆಎಎಸ್ ಪೂರ್ವಭಾವಿ ಪರೀಕ್ಷೆ ಬರೆದ. ಹಿಂದಿನ ರಾತ್ರಿ ನಾನೊಂದು ಸಂದೇಶ ಕಳಿಸಿದ್ದೆ: "ನಿನ್ನ ಮೇಲೆ ನಮಗೆಲ್ಲ ಪೂರ್ತಿ ನಂಬಿಕೆಯಿದೆ. ಈ ಸಲ ನೀನು ಸಾಹೇಬನಾಗುವುದು ಗ್ಯಾರಂಟಿ." ಒಳ್ಳೆಯ ಮಾತೆಂದೇ ಬರೆದಿದ್ದೆ. ಆಗಲಿಲ್ಲ, ಎಂಟು ಅಂಕ ಕಡಿಮೆ ಬಿತ್ತು. ತಿಂಗಳುಗಳ ನಂತರ ಚಹಾ ಕುಡಿಯುತ್ತಾ ಅವನೇ ಹೇಳಿದ: "ಗೊತ್ತಿಲ್ಲದ ಪ್ರಶ್ನೆ ಬಂದಾಗಲೆಲ್ಲ ನೀವು ನಾಲ್ಕು ಜನ ನನ್ನ ಬೆನ್ನ ಹಿಂದೆ ನಿಂತು ಇಣುಕುತ್ತಿರುವಂತೆ ಅನಿಸುತ್ತಿತ್ತು. ತಪ್ಪು ಮಾಡಲು ಕೈಯೇ ಬರಲಿಲ್ಲ."

ಕೈ ಬಾರದಿದ್ದರೆ ಏನಾಗುತ್ತದೆಂದು ಲೆಕ್ಕ ಹಾಕಿದೆವು. ಪತ್ರಿಕೆಯೊಂದಕ್ಕೆ ನೂರು ಪ್ರಶ್ನೆ, ಎರಡು ಗಂಟೆ. ಸರಿಯುತ್ತರಕ್ಕೆ ಎರಡು ಅಂಕ, ತಪ್ಪಿಗೆ ಅದರ ಕಾಲುಭಾಗ, ಅಂದರೆ ಅರ್ಧ ಅಂಕ ಕಡಿತ. ನಾಲ್ಕು ಆಯ್ಕೆಗಳಲ್ಲಿ ಎರಡು ಖಂಡಿತ ಅಲ್ಲವೆಂದು ಗೊತ್ತಿದ್ದ ಪ್ರಶ್ನೆಗಳೇ ಅವನಿಗೆ ಹದಿನೆಂಟು ಇದ್ದವು. ಅಷ್ಟನ್ನೂ ಖಾಲಿ ಬಿಟ್ಟಿದ್ದ. ಉಳಿದ ಎರಡರಲ್ಲಿ ಒಂದನ್ನು ತುಂಬಿದ್ದರೆ ಸರಾಸರಿ ಒಂಬತ್ತು ಸರಿ, ಒಂಬತ್ತು ತಪ್ಪು. ಹದಿನೆಂಟು ಅಂಕದಲ್ಲಿ ನಾಲ್ಕೂವರೆ ಹೋಗಿ ಹದಿಮೂರೂವರೆ ಉಳಿಯುತ್ತಿತ್ತು. ಅದೃಷ್ಟ ಕೈಕೊಡಲೂಬಹುದಿತ್ತು, ನಿಜ. ಆದರೆ ಸಾಮಾನ್ಯ ದಿನಗಳಲ್ಲಿ, ಮನೆಯಲ್ಲಿ ಕುಳಿತು ಮಾದರಿ ಪರೀಕ್ಷೆ ಬರೆಯುವಾಗ, ಇವನು ಅಂಥವನ್ನು ಬಿಡುವವನೇ ಅಲ್ಲ.

ಇದು ಅವನೊಬ್ಬನ ಪುಕ್ಕಲುತನವೆಂದುಕೊಂಡಿದ್ದೆ. ಆಮೇಲೆ ತಿಳಿಯಿತು, 1998ರಲ್ಲಿ ಬಟ್ಲರ್ ಮತ್ತು ಬಾಮೈಸ್ಟರ್ ಎಂಬ ಮನೋವಿಜ್ಞಾನಿಗಳು ಪ್ರಕಟಿಸಿದ ಸಂಶೋಧನೆಯೂ ಇದನ್ನೇ ಹೇಳುತ್ತದೆ. ಕಷ್ಟದ ಕೆಲಸ ಮಾಡುವವರ ಎದುರು ಅವರ ಗೆಲುವನ್ನೇ ಬಯಸುವವರು ಕುಳಿತರೆ, ಅವರು ಅತಿ ಎಚ್ಚರ ವಹಿಸಿ ನಿಧಾನವಾಗುತ್ತಾರೆ. ನಿಧಾನವಾದರೂ ತಪ್ಪು ಕಡಿಮೆಯಾಗುವುದಿಲ್ಲ. ತಮಾಷೆಯೆಂದರೆ, ಅವರಿಗೆ ಮಾತ್ರ ಬೆಂಬಲಿಗರ ಎದುರಿನಲ್ಲೇ ಒತ್ತಡ ಕಡಿಮೆ ಎನಿಸಿತ್ತು. ಹಾಗಾಗಿ "ನೀವು ಫೋನ್ ಮಾಡಿದ್ದು ಒಳ್ಳೆಯದಾಯಿತು" ಎಂದು ಗೆಳೆಯ ಹೇಳಿದರೂ ನಂಬುವುದು ಕಷ್ಟ.

ಮುಂದಿನ ಸಲ ಅವನಿಗೆ ಧಾರವಾಡದಲ್ಲಿ ಕೇಂದ್ರ ಬಂತು. ನಮ್ಮ ಮನೆಯಲ್ಲೇ ಉಳಿದುಕೊಂಡ. ಗ್ಯಾರಂಟಿ, ನಂಬಿಕೆ, ಸಾಹೇಬ ಈ ಮೂರೂ ಪದಗಳನ್ನು ಬಾಯಿಂದ ಹೊರಗೆ ಬಿಡಬಾರದೆಂದು ನಿರ್ಧರಿಸಿದ್ದೆ. ಶನಿವಾರ ಸಂಜೆ ಬೈಕಿನಲ್ಲಿ ಹೋಗಿ ಕೇಂದ್ರದ ಗೇಟು ನೋಡಿಕೊಂಡು ಬಂದೆವು. ಪ್ರವೇಶಪತ್ರದ ಎರಡು ಪ್ರತಿ ತೆಗೆಸಿದೆವು. ರಾತ್ರಿ ಅವನು, "ಎದೆ ಹೊಡೆದುಕೊಳ್ಳುತ್ತಿದೆ" ಎಂದಾಗ "ಹೆದರಬೇಡ" ಎನ್ನುವುದು ನಾಲಗೆಯ ತುದಿಗೇ ಬಂದಿತ್ತು. ನುಂಗಿಕೊಂಡೆ. ಹೆದರಬೇಡ ಎಂದ ಮಾತ್ರಕ್ಕೆ ಎದೆ ಸುಮ್ಮನಾಗುವುದಿಲ್ಲ. ಜೊತೆಗೆ ಹೆದರಿದ್ದೇ ತಪ್ಪು ಎಂಬ ಇನ್ನೊಂದು ಚಿಂತೆ ಸೇರಿಕೊಳ್ಳುತ್ತದೆ. "ಹೊಡೆದುಕೊಳ್ಳಲಿ ಬಿಡು, ನಾಳೆ ಪರೀಕ್ಷೆಯಲ್ಲವೇ" ಎಂದು ಸೊಳ್ಳೆಪರದೆ ಕಟ್ಟಿಕೊಟ್ಟೆ.

ನಿಜವಾದ ಗಂಡಾಂತರ ಮಧ್ಯಾಹ್ನದ್ದು. ಮೊದಲ ಪತ್ರಿಕೆ ಹನ್ನೆರಡಕ್ಕೆ ಮುಗಿದು ಎರಡನೆಯದು ಎರಡಕ್ಕೆ ಶುರುವಾಗುತ್ತದೆ. ಆ ನಡುವಿನ ಎರಡು ಗಂಟೆ ಮರದ ನೆರಳಿನಲ್ಲಿ ಉತ್ತರಗಳ ಸಂತೆ ನೆರೆಯುತ್ತದೆ. ಒಬ್ಬ "ಮೂವತ್ತೊಂದಕ್ಕೆ ಬಿ" ಎನ್ನುತ್ತಾನೆ, ಇನ್ನೊಬ್ಬ ಅಷ್ಟೇ ಗಟ್ಟಿಯಾಗಿ "ಡಿ" ಎನ್ನುತ್ತಾನೆ. ಇಬ್ಬರಿಗೂ ಗೊತ್ತಿರುವುದಿಲ್ಲ, ಕೇಳಿಸಿಕೊಂಡವನ ನೆಮ್ಮದಿ ಮಾತ್ರ ಹೋಗುತ್ತದೆ. ಇದರ ಮೇಲೆ ಮನೆಯಿಂದ, ಮಾವನಿಂದ, ಗೆಳೆಯರಿಂದ ಒಂದೇ ಪ್ರಶ್ನೆ: "ಹೇಗಾಯಿತು?" ಅದಕ್ಕೆ ಉತ್ತರಿಸಬೇಕಾದರೆ ಅವನು ಮುಗಿದ ನೂರು ಪ್ರಶ್ನೆಗಳನ್ನು ಮತ್ತೆ ತಲೆಗೆ ತಂದುಕೊಳ್ಳಬೇಕು. ಹಿಂದಿನ ಸಲ ಹಾಗೆ ಕರೆ ಮಾಡಿದವರಲ್ಲಿ ನಾನೇ ಮೊದಲಿಗ.

ಈ ಸಲ ಅವನ ಅಪ್ಪನಿಗೆ ಬೆಳಿಗ್ಗೆಯೇ ಹೇಳಿದ್ದೆ: "ಕಾಕಾ, ಸಂಜೆ ಅವನೇ ಫೋನ್ ಮಾಡುತ್ತಾನೆ." ಮುಖ ಸ್ವಲ್ಪ ಗಂಟಿಕ್ಕಿದಂತೆ ಮಾತನಾಡಿದರು, ಆದರೆ ಮಾಡಲಿಲ್ಲ. ನಾನು ಬುತ್ತಿ ತೆಗೆದುಕೊಂಡು ಹೋದೆ. ಎರಡು ಚಪಾತಿ, ಮೊಸರನ್ನ. ಹೊಟ್ಟೆ ಭಾರವಾಗಿ ನಿದ್ದೆ ಬಾರದಂತೆ ಅಷ್ಟೇ. ಗೇಟಿನಿಂದ ದೂರ, ಬೈಕಿನ ಪಕ್ಕ ಕುಳಿತು ಉಂಡ. ನಾವು ಮಾತನಾಡಿದ್ದು ನಮ್ಮ ಎಮ್ಮೆ ಈಯುವ ವಿಷಯ.

ಸಂಜೆ ನಾಲ್ಕಕ್ಕೆ ಹೊರಬಂದಾಗ ನಾನು ಕೇಳಿದ್ದು ಒಂದೇ: "ಗಿರ್ಮಿಟ್ಟೋ, ಮಿರ್ಚಿಯೋ?" ಎರಡೂ ಬೇಕೆಂದ. ಅರ್ಧ ತಟ್ಟೆ ಖಾಲಿಯಾದ ಮೇಲೆ ತಾನಾಗಿ ಹೇಳಿದ: "ಈ ಸಲ ನಾಲ್ಕೇ ಬಿಟ್ಟೆ."

ಫಲಿತಾಂಶ ಏನಾಯಿತೆಂದು ಕಾಮೆಂಟಿನಲ್ಲಿ ಕೇಳಬೇಡಿ. ಹೇಳುವುದಿದ್ದರೆ ಅವನೇ ಹೇಳುತ್ತಾನೆ.